ಪಾಠದ ವಿಧಾನ ಒಂದು, ಓದೋ ಹೊತ್ತು ಇನ್ನೊಂದು, ಎರಡೂ ಸೇರಿದ್ರೆ ಏನಾಗುತ್ತೆ? ಟೂ ಬೈ ಟೂ ಪ್ರಯೋಗ ಮಾಡೋ ಕ್ರಮ

ನಮ್ಮ ಕೊಡಗಲ್ಲಿ ಕಾಫಿ ತೋಟ ಇರೋರ ಹತ್ರ ಹೋಗಿ "ಹೂಮಳೆಯಿಂದ ಫಸಲು ಎಷ್ಟು ಜಾಸ್ತಿ ಆಗುತ್ತೆ" ಅಂತ ಕೇಳಿ ನೋಡಿ, ಯಾರೂ ನೇರ ಉತ್ತರ ಕೊಡಲ್ಲ, "ಆಮೇಲೆ ಬ್ಯಾಕಿಂಗ್ ಮಳೆ ಬಂತಾ" ಅಂತ ನಿಮ್ಮನ್ನೇ ತಿರುಗಿ ಕೇಳ್ತಾರೆ. ಹೂಮಳೆ ಬಂದು ತೋಟ ಎಲ್ಲಾ ಬೆಳ್ಳಗೆ ಹೂ ಬಿಟ್ಟು, ಆಮೇಲೆ ಕೆಲವು ವಾರ ಹನಿ ನೀರೂ ಬೀಳದಿದ್ರೆ ಕಾಯಿ ಸರಿಯಾಗಿ ಕಚ್ಚಲ್ಲ. ಬರೀ ಎರಡನೇ ಮಳೆ ಬಂದ್ರೂ ಉಪಯೋಗ ಇಲ್ಲ, ಹೂವೇ ಆಗಿರಲ್ವಲ್ಲ. ಒಂದು ಮಳೆಯ ಬೆಲೆ ಇನ್ನೊಂದು ಮಳೆ ಮೇಲೆ ನಿಂತಿದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೇ ಇಂಟರಾಕ್ಷನ್ ಅನ್ನೋದು, ಕನ್ನಡ ಪುಸ್ತಕದಲ್ಲಿ ಅಂತರಕ್ರಿಯೆ ಅಂತ ಇರುತ್ತೆ.

ನಾನು ವಿರಾಜಪೇಟೆ ಕಡೆ ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋನು. ಅಕ್ಕನ ಮಗಳು ಎಂ.ಎಡ್. ಮಾಡ್ತಿದ್ದಾಳೆ, ಅವಳ ಪ್ರಾಜೆಕ್ಟ್‌ಗೆ ಅಂತ ಹೋದ ಮಳೆಗಾಲದಲ್ಲಿ ನಾವಿಬ್ಬರೂ ನಾಲ್ಕೈದು ಸಂಜೆ ಕೂತು ಈ ಡಿಸೈನ್ ಬರೆದ್ವಿ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳ್ತೀನಿ, ಬಿ.ಎಡ್., ಎಂ.ಎಡ್. ಮಾಡೋರಿಗೆ, ಕ್ಲಾಸಲ್ಲಿ ಏನಾದ್ರೂ ಟ್ರೈ ಮಾಡಿ ನೋಡ್ಬೇಕು ಅನ್ನೋ ಮೇಷ್ಟ್ರುಗಳಿಗೆ ಆಗುತ್ತೆ. ಇಲ್ಲಿ ಬರೋ ಅಂಕಗಳು ಲೆಕ್ಕ ತೋರಿಸೋಕೆ ಅಂತ ನಾನೇ ಹಾಕಿದ್ದು, ಯಾವ ಶಾಲೆಯ ಫಲಿತಾಂಶವೂ ಅಲ್ಲ.

ಮೊದಲು ಪ್ರಶ್ನೆ ಸರಿ ಮಾಡ್ಕೊಳ್ಳಿ

ಅವಳು ಮೊದಲು ಬಂದಾಗ ಅವಳ ಹತ್ರ ಎರಡು ಪ್ರಶ್ನೆ ಇತ್ತು. ಒಂಬತ್ತನೇ ಕ್ಲಾಸಿಗೆ ರೇಖಾತ್ಮಕ ಸಮೀಕರಣ ಹೇಳ್ಕೊಡುವಾಗ ಬೋರ್ಡ್ ಮೇಲೆ ಬಿಡಿಸಿ ತೋರಿಸೋದು ಒಳ್ಳೇದಾ, ಇಲ್ಲಾ ಮಕ್ಕಳನ್ನ ಗುಂಪು ಮಾಡಿ ಅವರೇ ಲೆಕ್ಕ ಬಿಡಿಸೋ ಹಾಗೆ ಮಾಡೋದು ಒಳ್ಳೇದಾ, ಇದು ಒಂದು. ದಿನಾ ಅರ್ಧ ಗಂಟೆ ಓದಿಸಿದ್ರೆ ಸಾಕಾ, ಒಂದು ಗಂಟೆ ಬೇಕಾ, ಇದು ಇನ್ನೊಂದು. "ಮಾಮ, ಈ ಟರ್ಮಲ್ಲಿ ವಿಧಾನ ಟೆಸ್ಟ್ ಮಾಡ್ತೀನಿ, ಮುಂದಿನ ಟರ್ಮಲ್ಲಿ ಸಮಯ" ಅಂದ್ಲು.

ಹಾಗೆ ಒಂದೊಂದೇ ಮಾಡಿದ್ರೆ ಏನಾಗುತ್ತೆ ಅಂತ ನೋಡಿ. ಬೋರ್ಡ್ ಪಾಠ, ಅರ್ಧ ಗಂಟೆ ಓದು, ಇದು ಈಗ ನಡೀತಿರೋ ಪದ್ಧತಿ, ಮಕ್ಕಳ ಸರಾಸರಿ 50ಕ್ಕೆ 20 ಅಂತ ಇಟ್ಕೊಳ್ಳೋಣ. ಮೊದಲ ಟರ್ಮಲ್ಲಿ ವಿಧಾನ ಮಾತ್ರ ಬದಲಾಯ್ಸಿದ್ಲು, ಸರಾಸರಿ 21 ಬಂತು, ಅಂದ್ರೆ ಒಂದೇ ಅಂಕ ಜಾಸ್ತಿ. ಎರಡನೇ ಟರ್ಮಲ್ಲಿ ವಾಪಸ್ ಬೋರ್ಡ್ ಪಾಠಕ್ಕೇ ಬಂದು ಸಮಯ ಮಾತ್ರ ಬದಲಾಯ್ಸಿದ್ಲು, 23 ಬಂತು, ಮೂರು ಅಂಕ ಜಾಸ್ತಿ. ಅವಳ ವರದೀಲಿ ಏನು ಇರುತ್ತೆ? ಗುಂಪು ವಿಧಾನದಿಂದ ಹೇಳಿಕೊಳ್ಳೋ ಉಪಯೋಗ ಇಲ್ಲ, ಹೆಚ್ಚು ಓದಿನಿಂದ ಸ್ವಲ್ಪ ಇದೆ, ಎರಡೂ ಸೇರಿಸಿದ್ರೆ 1 ಮತ್ತೆ 3 ಕೂಡಿ 24 ಬರಬಹುದು. ಆದ್ರೆ ಎರಡೂ ಸೇರಿಸಿದ ಕ್ಲಾಸಲ್ಲಿ ನಿಜವಾಗಿ 32 ಬರೋದಿದ್ರೆ? ಆ ಕ್ಲಾಸನ್ನ ಅವಳು ನೋಡೇ ಇಲ್ಲ, ಹಾಗಾಗಿ ಆ ಎಂಟು ಅಂಕ ಅವಳಿಗೆ ಗೊತ್ತಾಗೋದೇ ಇಲ್ಲ, ಟರ್ಮ್ ಎರಡಲ್ಲ ಹತ್ತು ಕಳೆದ್ರೂ ಗೊತ್ತಾಗಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದ ರೊನಾಲ್ಡ್ ಫಿಶರ್ 1926ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ಹೇಳಿದ್ದು, ಪ್ರಕೃತಿನ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳ್ಬೇಕು ಅನ್ನೋ ಮಾತು ಪೂರ್ತಿ ತಪ್ಪು ಅಂತ. ಗೊಬ್ಬರ, ತಳಿ ಎಲ್ಲಾ ಒಟ್ಟಿಗೇ ಬದಲಾಯಿಸಿ, ಆದ್ರೆ ಕ್ರಮಬದ್ಧವಾಗಿ ಎಲ್ಲಾ ಜೋಡಿಗಳೂ ಬರೋ ಹಾಗೆ ಬದಲಾಯಿಸಿ ಅಂತ. ಫ್ಯಾಕ್ಟೋರಿಯಲ್ ಡಿಸೈನ್ ಅಂದ್ರೆ ಇಷ್ಟೇ. ಬದಲಾಯಿಸೋ ವಿಷಯಕ್ಕೆ ಫ್ಯಾಕ್ಟರ್ ಅಂತಾರೆ, ಅದರ ಒಂದೊಂದು ರೂಪಕ್ಕೆ ಲೆವೆಲ್. ನಮ್ಮಲ್ಲಿ ಫ್ಯಾಕ್ಟರ್ ಎರಡು, ಪ್ರತಿಯೊಂದಕ್ಕೂ ಲೆವೆಲ್ ಎರಡು, ಹಾಗಾಗಿ ಟೂ ಬೈ ಟೂ, ಒಟ್ಟು ನಾಲ್ಕು ಖಾನೆ.

ನಾಲ್ಕು ಖಾನೆಗೆ ಮಕ್ಕಳನ್ನ ಹಂಚೋದು

ಇಲ್ಲೇ ಜಾಸ್ತಿ ಜನ ಎಡವೋದು, ನಾನೂ ಎಡವಿದ್ದೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಶಾಲೇಲಿ ನಾಲ್ಕು ಸೆಕ್ಷನ್ ಇತ್ತು, ನಾಲ್ಕು ಖಾನೆ, ನಾಲ್ಕು ಸೆಕ್ಷನ್, ಸರಿಹೋಯ್ತು ಅಂತ ಒಂದೊಂದು ಸೆಕ್ಷನ್‌ಗೆ ಒಂದೊಂದು ಖಾನೆ ಕೊಟ್ಬಿಟ್ಟೆ. ಅಂಕಗಳು ಬಂದ್ವು, ಟೇಬಲ್ ಚೆನ್ನಾಗೇ ಕಾಣ್ತು, ಆಮೇಲೆ ನೋಡಿದ್ರೆ ಒಂದು ಸೆಕ್ಷನ್‌ನಲ್ಲಿ ಪೇಟೆಯಲ್ಲಿ ಟ್ಯೂಷನ್‌ಗೆ ಹೋಗೋ ಮಕ್ಕಳೇ ತುಂಬಿದ್ರು. ಅವರಿಗೆ ಅಂಕ ಜಾಸ್ತಿ ಬಂದಿದ್ದು ವಿಧಾನದಿಂದಲಾ, ಟ್ಯೂಷನ್‌ನಿಂದಲಾ, ಬೇರ್ಪಡಿಸೋಕೆ ದಾರಿನೇ ಇಲ್ಲ. ನಲವತ್ತು ಮಕ್ಕಳಿದ್ರೂ ಒಂದು ಖಾನೆಗೆ ಒಂದೇ ಸೆಕ್ಷನ್ ಅಂದ್ರೆ ಲೆಕ್ಕದ ದೃಷ್ಟಿಯಿಂದ ಅದು ಒಂದೇ ಒಂದು ಸ್ಯಾಂಪಲ್. ಆ ಇಡೀ ಕೆಲಸ ಬಿಸಾಡಬೇಕಾಯ್ತು.

ಈ ಸಲ ಹೀಗೆ ಮಾಡಿದ್ವಿ. ಇಪ್ಪತ್ತು ಮಕ್ಕಳು. ಇಪ್ಪತ್ತು ಚೀಟಿ ಕತ್ತರಿಸಿ ಐದರ ಮೇಲೆ "ಬೋರ್ಡ್, ಅರ್ಧ", ಐದರ ಮೇಲೆ "ಬೋರ್ಡ್, ಒಂದು", ಐದರ ಮೇಲೆ "ಗುಂಪು, ಅರ್ಧ", ಐದರ ಮೇಲೆ "ಗುಂಪು, ಒಂದು" ಅಂತ ಬರೆದು, ಮಡಚಿ ಡಬ್ಬಕ್ಕೆ ಹಾಕಿ, ಹಾಜರಿ ಪುಸ್ತಕದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎತ್ತೋದು. ಎತ್ತಿದ ಮೇಲೆ ಬದಲಾಯಿಸಬಾರದು, "ಇವನು ಚೂಟಿ ಇದ್ದಾನೆ, ಗುಂಪಿಗೆ ಹಾಕೋಣ" ಅಂತ ಮನಸ್ಸಾಗುತ್ತೆ, ಮಾಡ್ಬೇಡಿ. ಒಂದು ಸಲ ಹಾಗೆ ಕೈ ಹಾಕಿದ್ರೆ ಚೀಟಿ ಎತ್ತಿದ್ದಕ್ಕೆ ಅರ್ಥ ಉಳಿಯಲ್ಲ.

ಓದೋ ಸಮಯನ ಮನೆಗೆ ಬಿಡಬೇಡಿ. ಮನೇಲಿ ಯಾರು ಎಷ್ಟು ಹೊತ್ತು ಓದಿದ್ರು ಅಂತ ಯಾರಿಗೂ ಗೊತ್ತಾಗಲ್ಲ, ಕಾಫಿ ಕೊಯ್ಲಿನ ಸಮಯ ಆದ್ರೆ ಎಷ್ಟೋ ಮಕ್ಕಳು ಸಂಜೆ ಕಣದ ಹತ್ರ ಇರ್ತಾರೆ. ಸಂಜೆ ಶಾಲೇಲಿ ಇಟ್ಕೊಳ್ಳೋಣ ಅಂದ್ರೆ ಬಸ್ಸು. ಒಂದು ಗಂಟೆ ಚೀಟಿ ಬಂದೋನು ನಲವತ್ತು ನಿಮಿಷಕ್ಕೇ ಬ್ಯಾಗ್ ಹಾಕ್ಕೊಂಡು ಓಡ್ತಾನೆ, ಯಾಕಂದ್ರೆ ಅವನ ಎಸ್ಟೇಟಿನ ಕಡೆ ಹೋಗೋ ಕೊನೇ ಬಸ್ಸು ಅದೇ. ಹಾಗಾಗಿ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ಗಂಟೆ ಎಲ್ಲರನ್ನೂ ಕೂರಿಸೋದು ಅಂತ ಮಾಡಿದ್ವಿ. ಅರ್ಧ ಗಂಟೆ ಚೀಟಿಯವರು ಮೊದಲ ಅರ್ಧ ಗಂಟೆ ಸಮಾಜ ವಿಜ್ಞಾನ ಓದ್ತಾರೆ, ಆಮೇಲೆ ಗಣಿತ. ಒಂದು ಗಂಟೆಯವರು ಪೂರ್ತಿ ಗಣಿತ. ಎಲ್ಲರೂ ಒಂದೇ ಹೊತ್ತಿಗೆ ಬರ್ತಾರೆ, ಒಂದೇ ಹೊತ್ತಿಗೆ ಏಳ್ತಾರೆ, ಬೇರೆ ಆಗೋದು ಗಣಿತಕ್ಕೆ ಸಿಕ್ಕ ಹೊತ್ತು ಮಾತ್ರ. ಇಷ್ಟಾದ್ರೂ ಯಾರಾದ್ರೂ ಒಂದೆರಡು ದಿನ ತಡವಾಗಿ ಬಂದ್ರೆ, ಅವರನ್ನ ಚೀಟೀಲಿ ಬಂದ ಖಾನೇಲೇ ಇಟ್ಟು ಲೆಕ್ಕ ಮಾಡಿ. ತಡವಾಗಿ ಬಂದವರನ್ನ "ಇವನು ಓದಿದ್ದು ಅರ್ಧ ಗಂಟೇನೇ" ಅಂತ ಆ ಕಡೆ ಖಾನೆಗೆ ಸಾಗಿಸಿದ್ರೆ ಶಿಸ್ತು ಕಮ್ಮಿ ಇರೋರೆಲ್ಲ ಒಂದೇ ಕಡೆ ಸೇರ್ಕೊಳ್ತಾರೆ.

ಪಾಠದ ವಿಧಾನಕ್ಕೆ ಬಂದ್ರೆ, ಬೋರ್ಡ್ ಚೀಟಿಯ ಹತ್ತು ಜನ ಒಂದು ಕೋಣೆ, ಗುಂಪು ಚೀಟಿಯ ಹತ್ತು ಜನ ಇನ್ನೊಂದು. ಎರಡಕ್ಕೂ ಒಂದೇ ಮೇಷ್ಟ್ರು, ಅದೇ ಲೆಕ್ಕಗಳು, ಅಷ್ಟೇ ಪೀರಿಯಡ್. ಬೇರೆ ಬೇರೆ ಮೇಷ್ಟ್ರನ್ನ ಹಾಕಿದ್ರೆ ನೀವು ಅಳೀತಿರೋದು ವಿಧಾನನಾ ಮೇಷ್ಟ್ರನ್ನಾ ಅನ್ನೋ ಗೊಂದಲ ಶುರು.

ಅಂಕಗಳನ್ನ ಬರ್ಕೊಂಡು ಸರಾಸರಿ ತೆಗೆಯೋದು

ಎರಡು ವಾರ ಪಾಠ, ಆಮೇಲೆ 50 ಅಂಕದ ಟೆಸ್ಟ್. ಪೇಪರ್ ತಿದ್ದೋರಿಗೆ ಯಾವ ಮಗು ಯಾವ ಖಾನೆ ಅಂತ ಗೊತ್ತಿರಬಾರದು, ಹೆಸರಿನ ಬದಲು ನಂಬರ್ ಹಾಕ್ಸಿ.

| | ಅರ್ಧ ಗಂಟೆ | ಒಂದು ಗಂಟೆ |
|---|---|---|
| ಬೋರ್ಡ್ ಪಾಠ | 17, 19, 20, 20, 24 (ಸರಾಸರಿ 20) | 19, 22, 23, 24, 27 (ಸರಾಸರಿ 23) |
| ಗುಂಪು ಪಾಠ | 18, 18, 21, 22, 26 (ಸರಾಸರಿ 21) | 28, 30, 31, 35, 36 (ಸರಾಸರಿ 32) |

ಕಂಪ್ಯೂಟರ್ ಮುಟ್ಟೋಕೆ ಮೊದಲು ಈ ನಾಲ್ಕು ಸರಾಸರಿಗಳನ್ನ ಒಂದು ಹಾಳೆ ಮೇಲೆ ಗ್ರಾಫ್ ಹಾಕಿ. ಕೆಳಗಡೆ ಅರ್ಧ ಗಂಟೆ, ಒಂದು ಗಂಟೆ, ಎಡಗಡೆ ಅಂಕ. ಬೋರ್ಡ್‌ನ ಎರಡು ಚುಕ್ಕಿ ಸೇರಿಸಿದ್ರೆ 20ರಿಂದ 23ಕ್ಕೆ ಹೋಗೋ ಗೆರೆ, ಹೆಚ್ಚೂ ಕಮ್ಮಿ ಮಟ್ಟಸವಾಗಿ ಹೋಗುತ್ತೆ. ಗುಂಪಿನ ಗೆರೆ 21ರಿಂದ 32ಕ್ಕೆ, ನಮ್ಮ ಮಡಿಕೇರಿ ರಸ್ತೆ ಏರಿನ ಹಾಗೆ ಕಡಿದಾಗಿ ಏರುತ್ತೆ. ಎರಡು ಗೆರೆ ರೈಲ್ವೆ ಹಳಿ ಥರ ಸಮಾನಾಂತರ ಹೋದ್ರೆ ಇಂಟರಾಕ್ಷನ್ ಇಲ್ಲ, ಸಮಯದ ಉಪಯೋಗ ಎರಡು ವಿಧಾನಕ್ಕೂ ಒಂದೇ ಅಂತ. ಇಲ್ಲಿ ಗೆರೆಗಳ ನಡುವಿನ ಅಂತರ ಅಗಲ ಆಗ್ತಾ ಹೋಗಿದೆ, ಅಂದ್ರೆ ಏನೋ ಇದೆ.

ಎಷ್ಟಿದೆ ಅನ್ನೋದಕ್ಕೆ ಕಳೆಯೋ ಲೆಕ್ಕ ಸಾಕು. ಗುಂಪು ಪಾಠದವರಿಗೆ ಅರ್ಧ ಗಂಟೆ ಹೆಚ್ಚು ಓದಿದ್ರಿಂದ ಸಿಕ್ಕಿದ್ದು 32ರಲ್ಲಿ 21 ಕಳೆದ್ರೆ 11. ಬೋರ್ಡ್ ಪಾಠದವರಿಗೆ ಸಿಕ್ಕಿದ್ದು 23ರಲ್ಲಿ 20 ಕಳೆದ್ರೆ 3. ಈ ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸನೇ ಇಂಟರಾಕ್ಷನ್.

```
(32 - 21) - (23 - 20) = 11 - 3 = 8
```

ಅದೇ ಎಂಟು, ಒಂದೊಂದೇ ಟೆಸ್ಟ್ ಮಾಡಿದ್ರೆ ಕಾಣದೇ ಹೋಗ್ತಿತ್ತಲ್ಲ ಅದು. ಇನ್ನೊಂದು ದಿಕ್ಕಿಂದ ಮಾಡಿ ನೋಡಿ, ಒಂದು ಗಂಟೆ ಓದಿದವರಲ್ಲಿ ವಿಧಾನದ ವ್ಯತ್ಯಾಸ 32 ಮೈನಸ್ 23 ಅಂದ್ರೆ 9, ಅರ್ಧ ಗಂಟೆ ಓದಿದವರಲ್ಲಿ 21 ಮೈನಸ್ 20 ಅಂದ್ರೆ 1, ಕಳೆದ್ರೆ ಮತ್ತೆ 8. ಯಾವ ಕಡೆಯಿಂದ ಬಂದ್ರೂ ಒಂದೇ.

ಮೇನ್ ಎಫೆಕ್ಟ್ ಓದುವಾಗ ಹುಷಾರು

ಮೇನ್ ಎಫೆಕ್ಟ್ ಅಂದ್ರೆ ಇನ್ನೊಂದು ಫ್ಯಾಕ್ಟರ್‌ನ ಎರಡೂ ಲೆವೆಲ್ ಮೇಲೆ ಸರಾಸರಿ ಮಾಡಿದಾಗ ಬರೋ ವ್ಯತ್ಯಾಸ. ಒಂದು ಗಂಟೆ ಓದಿದ ಹತ್ತೂ ಜನರ ಸರಾಸರಿ 27.5, ಅರ್ಧ ಗಂಟೆಯವರದ್ದು 20.5, ಸಮಯದ ಮೇನ್ ಎಫೆಕ್ಟ್ 7. ಗುಂಪು ಪಾಠದವರ ಸರಾಸರಿ 26.5, ಬೋರ್ಡ್ ಪಾಠದವರದ್ದು 21.5, ವಿಧಾನದ ಮೇನ್ ಎಫೆಕ್ಟ್ 5.

ಅಕ್ಕನ ಮಗಳು ಇಲ್ಲಿಗೆ ನಿಲ್ಲಿಸೋಕೆ ಹೊರಟಿದ್ಲು. "ಎರಡೂ ಎಫೆಕ್ಟ್ ಬಂತಲ್ಲ ಮಾಮ, ಹೆಚ್ಚು ಓದಿದ್ರೆ 7 ಅಂಕ ಜಾಸ್ತಿ ಬರುತ್ತೆ ಅಂತ ಬರೀತೀನಿ" ಅಂದ್ಲು. ಆ 7 ಅಂಕ ಯಾವ ಕ್ಲಾಸಲ್ಲಿ ಸಿಕ್ಕಿದೆ ತೋರಿಸು ಅಂದೆ. ಬೋರ್ಡ್ ಕ್ಲಾಸಲ್ಲಿ ಸಿಕ್ಕಿದ್ದು 3, ಗುಂಪು ಕ್ಲಾಸಲ್ಲಿ 11. ಏಳು ಎಲ್ಲೂ ಇಲ್ಲ, ಅದು 3 ಮತ್ತೆ 11ರ ಸರಾಸರಿ ಅಷ್ಟೇ. ಅವಳು ಸ್ವಲ್ಪ ಹೊತ್ತು ಟೇಬಲ್ ನೋಡಿ ಆ ಸಾಲು ಹೊಡೆದು ಹಾಕಿದ್ಲು.

ಇದು ಬರೀ ಬರವಣಿಗೆ ವಿಷಯ ಅಲ್ಲ. ಒಂದು ಶಾಲೇಲಿ ಬಸ್ಸಿನ ತೊಂದರೆಯಿಂದ ಹೆಚ್ಚು ಓದಿಸೋಕೆ ಆಗೋದೇ ಇಲ್ಲ ಅಂತ ಇಟ್ಕೊಳ್ಳಿ. ನಿಮ್ಮ ವರದಿ ಓದಿ "ಗುಂಪು ವಿಧಾನದಿಂದ 5 ಅಂಕ" ಅಂತ ನಂಬಿ ಅವರು ಬೆಂಚೆಲ್ಲಾ ತಿರುಗಿಸಿ ಪದ್ಧತಿ ಬದಲಾಯಿಸಿದ್ರೆ ಅವರಿಗೆ ಸಿಗೋದು ಒಂದು ಅಂಕ. ಹಾಗಾಗಿ ಇಂಟರಾಕ್ಷನ್ ಇದ್ದಾಗ ಒಂದೊಂದು ವಿಧಾನಕ್ಕೂ ಸಮಯದ ಎಫೆಕ್ಟ್ ಬೇರೆ ಬೇರೆ ಹೇಳಿ, ಮೇನ್ ಎಫೆಕ್ಟನ್ನ ಬೇಕಾದ್ರೆ ಆಮೇಲೆ ಸೇರಿಸಿ.

ಎಂಟು ಅಂಕ ನಿಜವಾ, ಅದೃಷ್ಟವಾ

ಒಂದು ಖಾನೇಲಿ ಐದೇ ಮಕ್ಕಳು, ಒಂದಿಬ್ಬರು ಚುರುಕು ಮಕ್ಕಳು ಒಂದೇ ಖಾನೆಗೆ ಬಿದ್ದಿರಬಹುದು. ಇದನ್ನ ಅಳೆಯೋಕೆ ಒಂದೇ ಖಾನೆಯೊಳಗಿನ ಮಕ್ಕಳು ತಮ್ಮತಮ್ಮಲ್ಲೇ ಎಷ್ಟು ಏರುಪೇರು ಇದ್ದಾರೆ ಅಂತ ನೋಡ್ತೀವಿ, ಅವರಿಗೆಲ್ಲ ಒಂದೇ ಪಾಠ, ಒಂದೇ ಹೊತ್ತು ಸಿಕ್ಕಿರೋದ್ರಿಂದ ಆ ಏರುಪೇರಿಗೆ ನಮ್ಮ ಪ್ರಯೋಗ ಕಾರಣ ಅಲ್ಲ. ಪ್ರತಿ ಮಗುವಿನ ಅಂಕದಿಂದ ಅದರ ಖಾನೆಯ ಸರಾಸರಿ ಕಳೆದು, ವರ್ಗ ಮಾಡಿ ಕೂಡಿಸಿ. ಮೊದಲ ಖಾನೇಲಿ ಮೈನಸ್ 3, ಮೈನಸ್ 1, 0, 0, 4, ವರ್ಗಗಳ ಮೊತ್ತ 26. ಉಳಿದ ಮೂರು ಖಾನೇಲಿ 34, 44, 46. ಒಟ್ಟು 150. ಇಪ್ಪತ್ತು ಮಕ್ಕಳಲ್ಲಿ ನಾಲ್ಕು ಸರಾಸರಿಗೆ ನಾಲ್ಕು ಕಳೆದ್ರೆ 16, ಆ 16ರಿಂದ ಭಾಗಿಸಿದ್ರೆ 9.375. ಇದು ಮಕ್ಕಳ ಸಹಜ ಏರುಪೇರಿನ ಅಳತೆ.

ಈಗ ಇಂಟರಾಕ್ಷನ್‌ನ ಸ್ಟ್ಯಾಂಡರ್ಡ್ ಎರರ್. ಬರೀ ಅದೃಷ್ಟದಿಂದ ಆ ಎಂಟು ಎಷ್ಟು ಆಚೆ ಈಚೆ ಆಗಬಹುದು ಅನ್ನೋ ಅಳತೆ ಅದು, ಎಂಟನ್ನ ಅದರಿಂದ ಭಾಗಿಸಿದ್ರೆ ಬರೋದು ಟಿ. ನಾಲ್ಕು ಸರಾಸರಿ ಕೂಡಿ ಕಳೆದಿದ್ದೀವಿ, ಒಂದೊಂದರಲ್ಲೂ ಐದು ಮಕ್ಕಳು.

```
SE = sqrt(4 * 9.375 / 5) = sqrt(7.5) = 2.74
t  = 8 / 2.74 = 2.92
```

16 ಡಿಗ್ರೀಸ್ ಆಫ್ ಫ್ರೀಡಮ್‌ಗೆ ಟಿ ಟೇಬಲ್ ನೋಡಿದ್ರೆ, ಮೇಲೆ ಭಾಗಿಸಿದ್ವಲ್ಲ ಅದೇ 16, ಶೇ 5ರ ಗಡಿ, ಅಂದ್ರೆ ಬರೀ ಅದೃಷ್ಟದಿಂದ ನೂರಕ್ಕೆ ಐದು ಸಲ ಮಾತ್ರ ದಾಟೋ ಗಡಿ, 2.12. ನಮ್ಮದು ದಾಟಿದೆ. ಆದ್ರೆ ದಾಟಿತು ಅಂತ ಖುಷಿಪಟ್ಟು ಬಿಡೋದಲ್ಲ, 2.12ನ್ನ 2.74ರಿಂದ ಗುಣಿಸಿದ್ರೆ 5.8, ಅಂದ್ರೆ ಎಂಟಕ್ಕೆ ಆಚೆ ಈಚೆ 5.8, ನಿಜವಾದ ಇಂಟರಾಕ್ಷನ್ 2.2ರಿಂದ 13.8ರೊಳಗೆ ಎಲ್ಲಾದ್ರೂ ಇರಬಹುದು. ಇದೆ ಅಂತ ಹೇಳಬಹುದು, ಎಷ್ಟು ಅಂತ ಗಟ್ಟಿಯಾಗಿ ಹೇಳೋಕೆ ಇಪ್ಪತ್ತು ಮಕ್ಕಳು ಸಾಲಲ್ಲ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು, ಯಾಕಂದ್ರೆ ಇದನ್ನ ಮೊದಲೇ ಯೋಚನೆ ಮಾಡದೆ ತುಂಬಾ ಜನ ಸಿಕ್ಕಿಹಾಕ್ಕೊಳ್ತಾರೆ. ಮೇನ್ ಎಫೆಕ್ಟ್‌ನ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕಿದ್ರೆ 1.37 ಬರುತ್ತೆ, ಇಂಟರಾಕ್ಷನ್‌ದು ಅದರ ಸರಿಯಾಗಿ ಎರಡು ಪಟ್ಟು. ಎರಡು ಪಟ್ಟು ಮಸುಕಾಗಿ ಕಾಣೋದನ್ನ ಅಷ್ಟೇ ಸ್ಪಷ್ಟವಾಗಿ ನೋಡ್ಬೇಕು ಅಂದ್ರೆ ಮಕ್ಕಳ ಸಂಖ್ಯೆ ನಾಲ್ಕು ಪಟ್ಟು ಬೇಕು. ಇಪ್ಪತ್ತು ಜನರಲ್ಲಿ 5 ಅಂಕದ ಮೇನ್ ಎಫೆಕ್ಟ್ ಹಿಡಿಯೋಕೆ ಆದ್ರೆ, 5 ಅಂಕದ ಇಂಟರಾಕ್ಷನ್ ಅಷ್ಟೇ ನಂಬಿಕೆಯಿಂದ ಹಿಡಿಯೋಕೆ ಎಂಬತ್ತು ಜನ. ಹಾಗಾಗಿ ಚಿಕ್ಕ ಪ್ರಯೋಗದಲ್ಲಿ ಇಂಟರಾಕ್ಷನ್ ಗಡಿ ದಾಟಲಿಲ್ಲ ಅಂದ್ರೆ "ಇಂಟರಾಕ್ಷನ್ ಇಲ್ಲ" ಅಂತ ಬರೀಬೇಡಿ, ಇದೆಯೋ ಇಲ್ವೋ ಹೇಳೋಕೆ ಇಷ್ಟು ಮಕ್ಕಳು ಸಾಲಲಿಲ್ಲ ಅಂತ ಬರೀರಿ, ಆ ಆಚೆ ಈಚೆ ಅಂಕಿಯನ್ನೂ ಕೊಡಿ.

ಶಾರ್ಟ್‌ಕಟ್ ಒಂದು ಇದೆ, ಅದು ತಪ್ಪು. ಬೋರ್ಡ್‌ನವರಲ್ಲಿ 3 ಅಂಕದ ವ್ಯತ್ಯಾಸ ಟೆಸ್ಟ್ ಮಾಡಿದ್ರೆ ಟಿ 1.55, ಗಡಿ ದಾಟಲ್ಲ. ಗುಂಪಿನವರಲ್ಲಿ 11 ಅಂಕ, ಟಿ 5.68, ದಾಟುತ್ತೆ. "ಒಂದು ಕಡೆ ಸಿಗ್ನಿಫಿಕೆಂಟ್, ಇನ್ನೊಂದು ಕಡೆ ಇಲ್ಲ, ಅದಕ್ಕೇ ಇಂಟರಾಕ್ಷನ್ ಇದೆ" ಅಂತ ಬರೆದುಬಿಡ್ತಾರೆ. ಇಲ್ಲಿ ಉತ್ತರ ಹೇಗೋ ಸರಿ ಬಂದಿದೆ, ದಾರಿ ಸರಿ ಇಲ್ಲ. ಒಂದು ಕಡೆ 3.9, ಇನ್ನೊಂದು ಕಡೆ 4.3 ಬಂದಿದ್ರೂ ಗಡಿ ಮಧ್ಯೆ ಬೀಳೋದ್ರಿಂದ ಒಂದು ದಾಟ್ತಿತ್ತು, ಇನ್ನೊಂದು ದಾಟ್ತಿರಲಿಲ್ಲ, ಆದ್ರೆ ಇವೆರಡರ ನಡುವೆ ಇರೋದು ಅರ್ಧ ಅಂಕಕ್ಕಿಂತ ಕಮ್ಮಿ. ಟೆಸ್ಟ್ ಮಾಡಬೇಕಾಗಿರೋದು ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನೇ.

ಕಂಪ್ಯೂಟರಲ್ಲಿ

ಆರ್ ಗೊತ್ತಿದ್ದವರಿಗೆ ಐದು ಸಾಲಿನ ಕೆಲಸ:

```r
anka <- c(17,19,20,20,24, 19,22,23,24,27,
          18,18,21,22,26, 28,30,31,35,36)
vidhana <- factor(rep(c("board","gumpu"), each=10))
samaya <- factor(rep(rep(c("30","60"), each=5), 2))
summary(aov(anka ~ vidhana * samaya))
interaction.plot(samaya, vidhana, anka)
```

ಆ `*` ಗುರುತು ಮುಖ್ಯ, ಎರಡು ಮೇನ್ ಎಫೆಕ್ಟ್ ಜೊತೆ ಇಂಟರಾಕ್ಷನ್ ಕೂಡ ಸೇರಿಸು ಅಂತ ಅರ್ಥ. ಅದರ ಬದಲು `+` ಹಾಕಿದ್ರೆ ಗೆರೆಗಳು ಸಮಾನಾಂತರ ಅಂತ ನೀವೇ ಮೊದಲೇ ಒಪ್ಕೊಂಡ ಹಾಗೆ, ಇಂಟರಾಕ್ಷನ್ ಸಾಲು ಬರೋದೇ ಇಲ್ಲ. ಔಟ್‌ಪುಟ್‌ನಲ್ಲಿ ಎಫ್ ಬೆಲೆ ವಿಧಾನಕ್ಕೆ 13.33, ಸಮಯಕ್ಕೆ 26.13, `vidhana:samaya` ಸಾಲಲ್ಲಿ 8.53 ಬರಬೇಕು. ನಾವು ಕೈಲೆಕ್ಕದಲ್ಲಿ ತೆಗೆದ ಟಿ 2.92ನ್ನ ವರ್ಗ ಮಾಡಿದ್ರೆ ಇದೇ 8.53.

ಎಕ್ಸೆಲ್ ಆದ್ರೆ ಡೇಟಾ ಅನಾಲಿಸಿಸ್ ಒಳಗೆ `Anova: Two-Factor With Replication` ಅಂತ ಇರುತ್ತೆ, ಬೋರ್ಡ್‌ನ ಐದು ಸಾಲು ಮೇಲೆ, ಗುಂಪಿನ ಐದು ಸಾಲು ಕೆಳಗೆ, ಎರಡು ಕಾಲಂ ಸಮಯಕ್ಕೆ, ಹೆಡಿಂಗ್ ಸಾಲು ಮತ್ತೆ ಎಡಗಡೆ ಹೆಸರಿನ ಕಾಲಂ ಕೂಡ ಸೆಲೆಕ್ಟ್ ಮಾಡಿ, `Rows per sample` ಹತ್ರ 5 ಕೊಡಿ. ಅದರ ಟೇಬಲಲ್ಲಿ `Sample` ಅಂದ್ರೆ ನಿಮ್ಮ ವಿಧಾನ, `Columns` ಅಂದ್ರೆ ಸಮಯ. ಎಕ್ಸೆಲ್‌ಗೆ ಎಲ್ಲಾ ಖಾನೇಲೂ ಸಮ ಮಕ್ಕಳಿರಬೇಕು, ಒಬ್ಬ ಟೆಸ್ಟ್ ದಿನ ಬರಲಿಲ್ಲ ಅಂದ್ರೂ ಅದು ಮಾಡಲ್ಲ. ಆರ್ ಮಾಡುತ್ತೆ, ಆದ್ರೆ ಖಾನೆಗಳು ಅಸಮ ಆದಾಗ ಯಾವ ಫ್ಯಾಕ್ಟರ್ ಮೊದಲು ಬರೆದಿರಿ ಅನ್ನೋದರ ಮೇಲೆ ಮೇನ್ ಎಫೆಕ್ಟ್ ಸಾಲುಗಳು ಬದಲಾಗುತ್ತೆ, ಇಂಟರಾಕ್ಷನ್ ಸಾಲು ಬದಲಾಗಲ್ಲ. ಗಾಬರಿ ಆಗ್ಬೇಡಿ, ಗಮನದಲ್ಲಿಟ್ಟುಕೊಳ್ಳಿ.

ಶೀಟ್ ಮೇಲೆ ಮಳೆ ಬಿದ್ದಾಗ

ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ, ಸ್ವಲ್ಪ ನಿಧಾನಕ್ಕೆ ಓದಿ. ಮೇಲೆ ಬೋರ್ಡ್ ಪಾಠಕ್ಕೆ ಒಂದು ಕೋಣೆ, ಗುಂಪು ಪಾಠಕ್ಕೆ ಒಂದು ಕೋಣೆ ಅಂದ್ನಲ್ಲ, ಅಲ್ಲಿ ಒಂದು ತೊಂದರೆ ಅಡಗಿದೆ. ಓದೋ ಸಮಯನ ಒಂದೊಂದು ಮಗುವಿಗೂ ಬೇರೆ ಬೇರೆ ಕೊಡಬಹುದು, ಆದ್ರೆ ಪಾಠ ಕೋಣೆಗೆಲ್ಲ ಒಟ್ಟಿಗೆ ನಡೆಯುತ್ತೆ. ಅಂದ್ರೆ ವಿಧಾನದ ಮಟ್ಟಿಗೆ ನಮ್ಮ ಹತ್ರ ಇರೋದು ಎರಡೇ ಕೋಣೆ, ಹಳೇ ಸೆಕ್ಷನ್ ಕಥೆ ಅರ್ಧ ವಾಪಸ್ ಬಂದ ಹಾಗೆ.

ಜುಲೈ ತಿಂಗಳು, ಬೋರ್ಡ್ ಪಾಠದ ಕೋಣೆಗೆ ಶೀಟ್ ಮಾಡು, ಎರಡು ಮೂರು ದಿನ ಪಾಠದ ಹೊತ್ತಿಗೇ ಮಳೆ ಹೊಡೀತು ಅಂತ ಇಟ್ಕೊಳ್ಳಿ. ಕೊಡಗಿನ ಮಳೆ ಶೀಟ್ ಮೇಲೆ ಬಿದ್ರೆ ಮುಂದಿನ ಬೆಂಚಿನವರಿಗೂ ಮೇಷ್ಟ್ರ ಮಾತು ಕೇಳಲ್ಲ, ಬಾಯಿ ಆಡೋದು ಮಾತ್ರ ಕಾಣುತ್ತೆ. ಆ ಕೋಣೆಯ ಹತ್ತೂ ಮಕ್ಕಳಿಗೆ ಮೂರು ಮೂರು ಅಂಕ ಹೋಯ್ತು. ಬೋರ್ಡ್‌ನ ಸರಾಸರಿಗಳು 20 ಮತ್ತೆ 23ರ ಬದಲು 17 ಮತ್ತೆ 20 ಆಗುತ್ತೆ. ವಿಧಾನದ ಮೇನ್ ಎಫೆಕ್ಟ್ ಈಗ 5 ಅಲ್ಲ, 8. ಆ ಮೂರು ಅಂಕ ಮಳೆಯದ್ದು, ಆದ್ರೆ ಟೇಬಲಲ್ಲಿ ಗುಂಪು ಪಾಠದ ಹೆಸರಿಗೆ ಜಮಾ ಆಗಿದೆ, ನೋಡಿ ಹೇಳೋಕೆ ಯಾರಿಗೂ ಆಗಲ್ಲ.

ಈಗ ಇಂಟರಾಕ್ಷನ್ ಲೆಕ್ಕ ಮಾಡಿ. ಗುಂಪಿನಲ್ಲಿ 32 ಮೈನಸ್ 21, ಹನ್ನೊಂದು. ಬೋರ್ಡ್‌ನಲ್ಲಿ 20 ಮೈನಸ್ 17, ಮೂರು. ಹನ್ನೊಂದರಲ್ಲಿ ಮೂರು ಹೋದ್ರೆ ಎಂಟು. ಮಳೆ ಬಂದ್ರೂ ಎಂಟು, ಬರದಿದ್ರೂ ಎಂಟು! ಯಾಕಂದ್ರೆ ಆ ಕೋಣೆಯ ಅರ್ಧ ಗಂಟೆಯವರೂ ಒಂದು ಗಂಟೆಯವರೂ ಒಂದೇ ಮಳೇಲಿ ಕೂತಿದ್ರು, ಒಬ್ಬರಿಂದ ಇನ್ನೊಬ್ಬರನ್ನ ಕಳೆದಾಗ ಮಳೆ ಹೊರಟುಹೋಯ್ತು. ಹೀಗೆ ಕೋಣೆ ಒಳಗೆ ಸಮಯನ ಹಂಚಿದ್ರೆ, ಸಮಯದ ಮೇನ್ ಎಫೆಕ್ಟೂ ಇಂಟರಾಕ್ಷನ್ನೂ ಕೋಣೆಯ ಏರುಪೇರಿನಿಂದ ತಪ್ಪಿಸ್ಕೊಳ್ತವೆ, ವಿಧಾನದ ಮೇನ್ ಎಫೆಕ್ಟ್ ಮಾತ್ರ ಸಿಕ್ಕಿಹಾಕ್ಕೊಳ್ಳುತ್ತೆ. ಹೊಲದ ಪ್ರಯೋಗದಲ್ಲಿ ಇದಕ್ಕೆ ಸ್ಪ್ಲಿಟ್ ಪ್ಲಾಟ್ ಅಂತಾರೆ, ದೊಡ್ಡ ಪಟ್ಟಿಗೆ ಒಂದು ಫ್ಯಾಕ್ಟರ್, ಅದರೊಳಗಿನ ಚಿಕ್ಕ ಪಟ್ಟಿಗಳಿಗೆ ಇನ್ನೊಂದು.

ಇದಕ್ಕೊಂದು ಮಿತಿ ಇದೆ. ಮಳೆ ಎಲ್ಲರಿಂದ ಸಮವಾಗಿ ಮೂರು ಅಂಕ ಕಿತ್ಕೊಂಡ್ರೆ ಮಾತ್ರ ಹೀಗೆ. ಪಾಠ ಕೇಳದೇ ಹೋದವರಲ್ಲಿ ಒಂದು ಗಂಟೆ ಓದಿದವರು ಪುಸ್ತಕ ನೋಡಿ ಅದನ್ನ ತುಂಬಿಸ್ಕೊಂಡು, ಅರ್ಧ ಗಂಟೆಯವರಿಗೆ ಹೊತ್ತು ಸಾಲದೇ ಹೋದ್ರೆ ಮಳೆ ಇಂಟರಾಕ್ಷನ್ ಒಳಗೂ ನುಗ್ಗುತ್ತೆ. ಅದಕ್ಕೇ ನಾನು ಅಕ್ಕನ ಮಗಳಿಗೆ ದಿನಾ ಒಂದು ನೋಟ್‌ಬುಕ್‌ನಲ್ಲಿ ಯಾವ ಕೋಣೇಲಿ ಏನಾಯ್ತು, ಕರೆಂಟ್ ಹೋಯ್ತಾ, ಮಳೆ ಎಷ್ಟು ಹೊತ್ತು, ಎಲ್ಲಾ ಬರೆಸಿದೆ. ಆಗೋದಾದ್ರೆ ಎರಡಲ್ಲ, ಒಂದೊಂದು ವಿಧಾನಕ್ಕೆ ನಾಲ್ಕೈದು ಕೋಣೆ, ಬೇರೆ ಬೇರೆ ಶಾಲೆಯಾದ್ರೂ ಸರಿ, ಆಗ ವಿಧಾನದ ಬಗ್ಗೆಯೂ ಧೈರ್ಯವಾಗಿ ಮಾತಾಡಬಹುದು. ನಮಗೆ ಆಗಲಿಲ್ಲ, ಹಾಗಾಗಿ ಡಿಸೈನ್ ಅಧ್ಯಾಯದಲ್ಲೇ ಮುಖ್ಯ ಪ್ರಶ್ನೆ ಇಂಟರಾಕ್ಷನ್ ಅಂತ ಬರೆದು, ವಿಧಾನದ ಮೇನ್ ಎಫೆಕ್ಟನ್ನ ಎರಡು ಕೋಣೆಗಳ ಹೋಲಿಕೆ ಅಷ್ಟೇ ಅಂತ ಸ್ಪಷ್ಟವಾಗಿ ಹಾಕಿಸಿದೆ.

ಪ್ರಶ್ನೆ ಪತ್ರಿಕೆಯೇ ಇಂಟರಾಕ್ಷನ್ ತಿಂದುಬಿಡಬಹುದು

ಕೊನೇದಾಗಿ ಪೇಪರ್ ಬಗ್ಗೆ. ನಮ್ಮ ಟೆಸ್ಟ್ 50ಕ್ಕೆ ಇತ್ತು, ಅತಿ ಹೆಚ್ಚು 36, ಮೇಲೆ ಬೇಕಾದಷ್ಟು ಜಾಗ ಇತ್ತು. ಅದೇ ಟೆಸ್ಟ್ 30ಕ್ಕೇ ನಿಂತುಬಿಡ್ತಿತ್ತು ಅಂದ್ಕೊಳ್ಳಿ, ಕಷ್ಟದ ಲೆಕ್ಕ ಇಲ್ಲದ ಸುಲಭದ ಪೇಪರ್. ಮೊದಲ ಮೂರು ಖಾನೇಲಿ ಯಾರೂ 30 ಮುಟ್ಟಿಲ್ಲ, ಅವರಿಗೆ ಏನೂ ಆಗಲ್ಲ. ನಾಲ್ಕನೇ ಖಾನೆಯ 28, 30, 31, 35, 36 ಮಾತ್ರ 28, 30, 30, 30, 30 ಆಗುತ್ತೆ, ಸರಾಸರಿ 32ರಿಂದ 29.6ಕ್ಕೆ ಇಳಿಯುತ್ತೆ. ಇಂಟರಾಕ್ಷನ್ 8 ಇದ್ದಿದ್ದು 5.6 ಆಯ್ತು, ಮಕ್ಕಳು ಅವರೇ, ಕಲಿತಿದ್ದೂ ಅಷ್ಟೇ. ಉಲ್ಟಾನೂ ಆಗಬಹುದು, ಒಂದು ವಿಧಾನದವರು ಅರ್ಧ ಗಂಟೆಗೇ ಮೇಲಿನ ಮಿತಿ ಮುಟ್ಟಿ ನಿಂತ್ರೆ ಇಲ್ಲದ ಇಂಟರಾಕ್ಷನ್ ಕಾಣುತ್ತೆ.

ಪತ್ತೆ ಮಾಡೋದು ಸುಲಭ, ಪ್ರತಿ ಖಾನೆಯ ಅಂಕಗಳನ್ನ ಸಾಲಾಗಿ ಬರೆದು ನೋಡಿ. ಒಂದು ಖಾನೇಲಿ ಮಾತ್ರ ಎಲ್ಲರೂ ಮೇಲಿನ ತುದಿಗೆ ಅಂಟ್ಕೊಂಡು, ಏರುಪೇರೇ ಇಲ್ಲದ ಹಾಗೆ ಇದ್ರೆ ಪೇಪರ್ ಮೇಲೆ ಅನುಮಾನ ಪಡಿ. ಪಾಠ ಶುರು ಮಾಡೋ ಮುಂಚೆ ಅದೇ ಪೇಪರನ್ನ ಹತ್ತನೇ ಕ್ಲಾಸಿನ ಐದಾರು ಚುರುಕು ಮಕ್ಕಳಿಗೆ ಕೊಟ್ಟು ನೋಡೋದು ಒಳ್ಳೇದು, ಅವರೂ 45 ದಾಟದಿದ್ರೆ ಆ ಪೇಪರ್ ಇಟ್ಕೊಳ್ಳಬಹುದು. ನಾವು ಮೊದಲು ಮಾಡಿದ ಪೇಪರಲ್ಲಿ ಮೂರು ಜನ 50ಕ್ಕೆ 50 ತೆಗೆದ್ರು, ಅವತ್ತು ರಾತ್ರಿನೇ ಕೂತು ನಾಲ್ಕು ಲೆಕ್ಕ ಬದಲಾಯಿಸಿ, ಬೆಳಿಗ್ಗೆ ಜೆರಾಕ್ಸ್ ಮಾಡಿಸ್ಕೊಂಡು ಚೀಟಿ ಡಬ್ಬದ ಜೊತೆ ಶಾಲೆಗೆ ಕೊಟ್ಟು ಕಳಿಸಿದೆ.